ಒಂದು ಛಲೋ ಪ್ಲಾನ್ ಕಳಸ್ರಿ

ಸೋಮವಾರ ಬೆಳಿಗ್ಗೆ ಪುಣೆಯ ಧನಕವಡಿಯಲ್ಲಿ ತನ್ನ ಟೂರ್ಸ್ ಆಫೀಸಿನ ಶಟರ್ ಎತ್ತಿ ಸುಲಭಾ ಇನ್ನೂ ಕುರ್ಚಿಗೆ ಬೆನ್ನು ಕೊಟ್ಟಿರಲಿಲ್ಲ, ಫೋನಿಗೆ ಸಂದೇಶ ಬಂತು. "ನಮಸ್ಕಾರ. ಕುಟುಂಬ ಸಮೇತ ಪ್ರವಾಸಕ್ಕೆ ಒಂದು ಛಲೋ ಪ್ಲಾನ್ ಕಳಸ್ರಿ. ಅರ್ಜೆಂಟ್ ಅದ. ಸಿದ್ರಾಮಪ್ಪ, ಕೊಂಢವಾ."

ಎಲ್ಲಿಗೆ ಅಂತ ಇರಲಿಲ್ಲ. ಯಾವಾಗ, ಎಷ್ಟು ಮಂದಿ, ಎಷ್ಟು ಖರ್ಚಿನಲ್ಲಿ, ಅದೂ ಇರಲಿಲ್ಲ. ಅರ್ಜೆಂಟ್ ಅಂತ ಮಾತ್ರ ಇತ್ತು.

ಸುಲಭಾ ಧಾರವಾಡದಾಕೆ. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷ. ಅದರಲ್ಲಿ ಒಂಬತ್ತು ವರ್ಷ ದೊಡ್ಡ ಕಂಪನಿಯೊಂದರ ಕೌಂಟರಿನಲ್ಲಿ ಕೂತು ಬೇರೆಯವರನ್ನು ಕಾಶ್ಮೀರಕ್ಕೂ ಕೇರಳಕ್ಕೂ ಕಳಿಸಿ, ಆಮೇಲೆ ಸ್ವಂತ ಆಫೀಸು ತೆರೆದವಳು. ಇಂಥ ಸಂದೇಶಗಳನ್ನು ಕಂಡು ಗಾಬರಿಯಾಗುವ ವಯಸ್ಸು ದಾಟಿತ್ತು. ತಾಳ್ಮೆಯಿಂದ ನಾಲ್ಕು ಪ್ರಶ್ನೆ ಬರೆದು ಕಳಿಸಿದಳು. ಯಾವ ತಾರೀಖು? ಎಷ್ಟು ಮಂದಿ, ಅದರಲ್ಲಿ ಮಕ್ಕಳು, ವಯಸ್ಸಾದವರು ಎಷ್ಟು? ಬಜೆಟ್ ಏನು? ಏನು ನೋಡಲು ಇಷ್ಟ? ದೀಪಾವಳಿಯ ವಾರದಲ್ಲಿ ಹೊಟೇಲಿನ ದರ ಬೇರೆ, ಅದು ಮುಗಿದ ವಾರದ ದರ ಬೇರೆ. ಆರು ಮಂದಿಯಾದರೆ ಒಂದು ಕಾರು ಸಾಕು, ಒಂಬತ್ತಾದರೆ ಟೆಂಪೋ ಟ್ರಾವೆಲರ್ ಬೇಕು, ಅದಕ್ಕೇ ಕೇಳುತ್ತಿದ್ದೇನೆ ಅಂತ ಕಾರಣವನ್ನೂ ಬರೆದಳು.

ಮಧ್ಯಾಹ್ನಕ್ಕೆ ಉತ್ತರ ಬಂತು. "ತಾರೀಖು: ಎಲ್ಲಾರಿಗೂ ಅನುಕೂಲ ಆದಾಗ. ಮಂದಿ: ಮನಿಯವರು. ಬಜೆಟ್: ಯೋಗ್ಯ. ಆಸಕ್ತಿ: ನೋಡುವಂಥಾದ್ದೆಲ್ಲ."

"ಪರವಾಗಿಲ್ಲ ಮೇಡಂ, ನಾಲ್ಕಕ್ಕೂ ಉತ್ತರ ಕೊಟ್ಟಿದಾರೆ," ಅಂದಳು ರಂಜಿನಿ. ಅವಳು ಮೈಸೂರಿನವಳು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಮಾರುವ ಕೆಲಸ ಬಿಟ್ಟು ಸುಲಭಾಳ ಜೊತೆ ಪಾಲುದಾರಳಾಗಿ ಎರಡು ವರ್ಷವಾಗಿತ್ತು. ಗಿರಾಕಿ ಕೈತಪ್ಪಿ ಹೋಗುತ್ತಾನೆ ಅನ್ನುವ ಭಯ ಅವಳಿಗೆ ಹಳೆಯ ಕೆಲಸದಿಂದ ಬಂದ ಬಳುವಳಿ.

"ಇದು ಉತ್ತರ ಅಲ್ಲ ರಂಜಿನಿ. ಶುಭಾಶಯ," ಅಂದಳು ಸುಲಭಾ. "ಇವರು ನಮ್ಮ ಪ್ಲಾನ್ ಇಸ್ಕೊಂಡು ಇನ್ನೂ ನಾಲ್ಕು ಅಂಗಡಿಗೆ ತೋರಸ್ತಾರ. ಇಲ್ಲಾ ತಾವೇ ಕೂತು ಬುಕ್ ಮಾಡ್ಕೋತಾರ. ತಾರೀಖ ಬರೂತನಕ ಒಂದು ಸಾಲನೂ ಕಳಸಬ್ಯಾಡ."

ಹೀಗೆ ಹೇಳಿ ಅವಳು ವೀಸಾ ಕೆಲಸಕ್ಕೆಂದು ಊರಿನ ಕ್ಯಾಂಪ್ ಬಡಾವಣೆಗೆ ಹೋದಳು. ತಿರುಗಿ ಬರುವಷ್ಟರಲ್ಲಿ ರಂಜಿನಿ ಕಂಪ್ಯೂಟರಿನ ಎಐಗೆ ಹೇಳಿ ಒಂದು ಪ್ಲಾನ್ ಬರೆಸಿ ಕಳಿಸಿಬಿಟ್ಟಿದ್ದಳು. ರಾಜಸ್ಥಾನ, ಆರು ರಾತ್ರಿ ಏಳು ಹಗಲು. ತಾರೀಖಿಲ್ಲದಲ್ಲಿ ಕಂಪ್ಯೂಟರು ಡಿಸೆಂಬರ್ ಕೊನೆಯ ವಾರ ಹಾಕಿತ್ತು, ಅಂದರೆ ವರ್ಷದಲ್ಲೇ ಅತಿ ದುಬಾರಿ ವಾರ. ಮಂದಿ ಇಲ್ಲದಲ್ಲಿ ಇಬ್ಬರು ಅಂತ ಹಾಕಿತ್ತು. ಆಸಕ್ತಿ ಇಲ್ಲದಲ್ಲಿ ಒಂಟೆ ಸವಾರಿ, ಮರಳುಗಾಡಿನ ಡೇರೆಯಲ್ಲಿ ವಾಸ, ಕೊನೆಯ ಸಂಜೆ ಕೆರೆಯ ದಂಡೆಯಲ್ಲಿ ಮೇಣದಬತ್ತಿಯ ಬೆಳಕಿನ ಊಟ. ಎಪ್ಪತ್ತು ವರ್ಷದ ಸಿದ್ರಾಮಪ್ಪನವರಿಗೆ ಕಂಪ್ಯೂಟರು ಸದ್ದಿಲ್ಲದೆ ಹನಿಮೂನ್ ಏರ್ಪಾಡು ಮಾಡಿತ್ತು.

ಮರುದಿನ ಫೋನುಗಳು ಶುರುವಾದವು. ಮೊದಲು ಸಿದ್ರಾಮಪ್ಪನವರು: "ರೇಟ್ ಭಾಳ ಆತ್ರಿ. ಮತ್ತ ಇಬ್ಬರದ್ದ್ಯಾಕ ಹಾಕೀರಿ?" ಎಷ್ಟು ಮಂದಿ ಅಂತ ಕೇಳಿದರೆ "ಅದನ್ನ ಆಮ್ಯಾಲ ನೋಡೂಣು" ಅಂದು ಇಟ್ಟುಬಿಟ್ಟರು. ಆಮೇಲೆ ಮಗ ಮಂದಾರ, ಐಟಿ ಕಂಪನಿಯವನು: ಡಿಸೆಂಬರ್ ಕೊನೆಗೆ ತನಗೆ ರಜೆ ಸಿಗುವುದಿಲ್ಲ, ಯಾರು ಹಾಕಿದರು ಈ ತಾರೀಖು? ಯಾವಾಗ ಸಿಗುತ್ತದೆ ಅಂದರೆ ಮ್ಯಾನೇಜರನ್ನು ಕೇಳಬೇಕು. ಆಮೇಲೆ ಅವನ ಹೆಂಡತಿ ಭಾಮಾ: ಮಗಳು ಪುಟ್ಟಿಗೆ ಒಂಟೆ ಅಂದರೆ ಅಲರ್ಜಿ ಇರಬಹುದು. ಇದೆಯೇ? ಇನ್ನೂ ಒಂಟೆ ಹತ್ತಿಸಿ ನೋಡಿಲ್ಲ. ಕೊನೆಗೆ ಪುಣೆ ಹತ್ತಿರದ ಭೋರ್‌ನಿಂದ ಸಿದ್ರಾಮಪ್ಪನವರ ತಮ್ಮ ಮಹದೇವಪ್ಪ: ಪ್ಲಾನ್ ತನಗೂ ಯಾರೋ ಕಳಿಸಿದ್ದಾರೆ, ಬಹಳ ಚೆನ್ನಾಗಿದೆ, ಆದರೆ ಇದರಲ್ಲಿ ತಾವು ಇದ್ದೇವೋ ಇಲ್ಲವೋ?

ಕೊನೆಯ ಫೋನ್ ಇಟ್ಟಮೇಲೆ ಸುಲಭಾಳಿಗೆ ಸಿಟ್ಟು ಇಳಿದು ವಿಷಯ ತಿಳಿಯಿತು. ಸಿದ್ರಾಮಪ್ಪನವರು ಮರೆತು ಖಾಲಿ ಬಿಟ್ಟವರಲ್ಲ. ಮಂದಿ ಎಷ್ಟು ಅಂತ ಹೇಳಿದರೆ ತಮ್ಮ ಮಹದೇವಪ್ಪ ಒಳಗೋ ಹೊರಗೋ ಅಂತ ಹೇಳಿದಂತೆ. ತಾರೀಖು ಹೇಳಿದರೆ ಮಗನ ಮೇಲೆ ಹೇರಿದಂತೆ. ಬಜೆಟ್ ಹೇಳಿದರೆ ಯಾರ ಕಿಸೆಯಿಂದ ಅನ್ನುವ ಮಾತು ಬರುತ್ತದೆ. ಆ ಮನೆಯಲ್ಲಿ ಒಂದೊಂದು ಖಾಲಿ ಜಾಗದ ಹಿಂದೆಯೂ ಒಂದೊಂದು ಜಗಳ ಕೂತಿತ್ತು. ಮುದುಕರು ಬುದ್ಧಿವಂತಿಕೆಯಿಂದ ನಾಲ್ಕನ್ನೂ ಧನಕವಡಿಗೆ ಸಾಗಿಸಿಬಿಟ್ಟಿದ್ದರು.

"ಮನಿಗೇ ಹೋಗಿ ಬರೂಣು," ಅಂದಳು. ರಂಜಿನಿ ತಪ್ಪು ಒಪ್ಪಿಕೊಂಡವಳಂತೆ ತಾನೇ ಸ್ಕೂಟರ್ ತೆಗೆದಳು.

ಭಾನುವಾರ ಕೊಂಢವಾದ ಆ ಮೂರನೇ ಮಹಡಿಯ ಮನೆಯಲ್ಲಿ ಎಲ್ಲರೂ ಸೇರಿದ್ದರು. ಸೋಫಾದ ಮೇಲೆ ಸಿದ್ರಾಮಪ್ಪನವರು, ಪಕ್ಕದಲ್ಲಿ ಭೋರ್‌ನಿಂದ ಬಂದ ಮಹದೇವಪ್ಪ, ಎದುರಿಗೆ ಮಂದಾರ, ಭಾಮಾ. ಪುಟ್ಟಿ ನೆಲದ ಮೇಲೆ ಚಿತ್ರ ಬರೆಯುತ್ತಿದ್ದಳು. ಸಿದ್ರಾಮಪ್ಪನವರ ಹೆಂಡತಿ ಬೋರಮ್ಮ ಎಲ್ಲರಿಗೂ ಒಗ್ಗರಣೆ ಅವಲಕ್ಕಿ ತಂದಿಟ್ಟು ಮತ್ತೆ ಒಳಗೆ ಹೋದರು.

ಸುಲಭಾ ಕಾಗದ ತೆಗೆದಳು. "ಮೊದಲ ಮಂದಿ ಎಣಿಸೋಣ್ರಿ. ಅದೇ ಸುಲಭ."

ಅದಕ್ಕಿಂತ ಕಷ್ಟದ್ದು ಇರಲಿಲ್ಲ. ಮಂದಾರ ಎಣಿಸಿದರೆ ನಾಲ್ಕು. ಸಿದ್ರಾಮಪ್ಪನವರು ಎಣಿಸಿದರೆ ಆರು. ಮಹದೇವಪ್ಪ ತನ್ನ ಹೆಂಡತಿ, ಮಗಳು, ಅಳಿಯನನ್ನೂ ಸೇರಿಸಿ ಒಂಬತ್ತಕ್ಕೆ ಮುಟ್ಟಿಸಿ, "ಮನಿಯವರು ಅಂದ್ರ ಮನಿಯವರs," ಅಂದ. ಮಂದಾರನ ನಾಲ್ಕರಲ್ಲಿ ಯಾರ್‍ಯಾರು ಅಂತ ಸುಲಭಾ ಹೆಸರು ಕೇಳಿದಳು. ತಾನು, ಭಾಮಾ, ಪುಟ್ಟಿ, ಅಪ್ಪ.

"ಮತ್ತ ನಿಮ್ಮ ತಾಯಿಯವರು?"

"ಅವ್ವ ಬರ್ತಾಳ್ರಿ. ಅವ್ವನ್ನ ಬಿಟ್ಟು ಹೆಂಗ ಹೋಗೋದು?" ಅಂದ ಮಂದಾರ, ಎಣಿಸಲಿಲ್ಲ ಅನ್ನುವುದೇ ದೊಡ್ಡ ಮಾತಲ್ಲ ಅನ್ನುವ ಹಾಗೆ. "ಹೊಟೇಲ್ ಬ್ಯಾಡ, ಅಡಿಗಿ ಮನಿ ಇರೋ ಬಂಗ್ಲೆ ನೋಡ್ರಿ. ಅವ್ವ ಇದ್ರ ಊಟದ ಚಿಂತಿ ಇಲ್ಲ."

"ಬಜೆಟ್ಟೂ ಇಳೀತದ," ಅಂದರು ಸಿದ್ರಾಮಪ್ಪನವರು ಸಂತೋಷದಿಂದ. ಎರಡು ಗಂಟೆಯ ಸಭೆಯಲ್ಲಿ ಎಲ್ಲರೂ ಒಪ್ಪಿದ ಮೊದಲ ಮಾತು ಅದು. ಊಟಕ್ಕೆ ಬೋರಮ್ಮ ಅಂತ ತೀರ್ಮಾನವಾಗಿತ್ತು. ಊರು, ತಾರೀಖು, ವಾಹನ ಮಾತ್ರ ಬಾಕಿ.

ಸುಲಭಾ ಪೆನ್ನಿನ ಮುಚ್ಚಳ ಹಾಕಿದಳು. ಬೋರಮ್ಮ ಚಹಾ ತಟ್ಟೆ ಹಿಡಿದು ಬಂದಿದ್ದರು. ಯಾಕೆ ಅವರನ್ನೇ ಕೇಳಿದೆ ಅಂತ ಸುಲಭಾಳಿಗೂ ಆಮೇಲೆ ಸರಿಯಾಗಿ ತಿಳಿಯಲಿಲ್ಲ. ಬಹುಶಃ ಬೇಸರಕ್ಕೆ. "ಅಕ್ಕಾರ, ನೀವು ಹೇಳ್ರಿ. ಯಾವಾಗ ಹೋಗಬೇಕು, ಎಷ್ಟು ಮಂದಿ, ಎಷ್ಟರಾಗ, ಏನು ನೋಡಬೇಕು?"

ಬೋರಮ್ಮ ತಟ್ಟೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು.

"ಡಿಸೆಂಬರ್ ಮೊದಲನೇ ವಾರ. ಪುಟ್ಟಿ ಪರೀಕ್ಷಾ ಇನ್ನೂ ಶುರು ಆಗಿರಂಗಿಲ್ಲ," ಅಂದರು. "ಎಂಬತ್ತು ಸಾವಿರದೊಳಗ. ಹೊಲಿಗಿ ಹೊಲದು ಕೂಡಿಟ್ಟದ್ದು ಅದ, ಯಾರನ್ನೂ ಕೇಳಬೇಕಾಗಿಲ್ಲ. ಸಮುದ್ರ ಇರಬೇಕು. ಗುಡಿ ಇರಬಾರದು."

ಸೋಫಾದಲ್ಲಿ ಯಾರೋ ಕೆಮ್ಮಿದರು.

"ಗುಡಿ ಯಾಕ ಬ್ಯಾಡ್ರಿ?" ಅಂತ ರಂಜಿನಿಯೇ ಕೇಳಿದಳು, ಸುಲಭಾಳಿಂದ ಕಲಿತ ಉತ್ತರದ ಕನ್ನಡ ಬಳಸಿ.

"ದೇವರ ಮ್ಯಾಲ ಸಿಟ್ಟಿಲ್ಲವ್ವಾ. ಇವರೆಲ್ಲಾ ದರ್ಶನಕ್ಕ ಒಳಗ ಹೋಗ್ತಾರ, ನಾ ಹೊರಗ ಚಪ್ಪಲಿ, ಬ್ಯಾಗ ಕಾಯ್ಕೋತ ಕೂಡ್ತೀನಿ. ಹನ್ನೊಂದು ಊರಾಗ ಕಾದೀನಿ. ಲೆಕ್ಕಾ ಇಟ್ಟೀನಿ."

"ಮತ್ತ ಎಷ್ಟು ಮಂದಿ ಅಕ್ಕಾರ?"

"ಒಬ್ಬಾಕಿ."

ಮಹದೇವಪ್ಪ ಅವಲಕ್ಕಿಯ ತಟ್ಟೆಯನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟ. ಸಿದ್ರಾಮಪ್ಪನವರು ಹೆಂಡತಿಯ ಮುಖವನ್ನು, ಬೇರೆ ಯಾರದೋ ಮನೆಗೆ ತಪ್ಪಿ ಬಂದವರಂತೆ ನೋಡಿದರು. "ಒಬ್ಬಾಕೀನs ಹೆಂಗ ಹೋಗ್ತಿ? ಏನರ ಆದ್ರ?"

"ಇಲ್ಲೆ ಏನರ ಆದ್ರ ಯಾರು ನೋಡ್ತಾರ, ಅವರs ನೋಡ್ತಾರ," ಅಂದರು ಬೋರಮ್ಮ. ಯಾರು ಅಂತ ಯಾರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಅವರಿಗೆ ಜ್ವರ ಬಂದಾಗ ಕಷಾಯ ಮಾಡಿದ್ದು ಯಾರು ಅಂತ ನೆನಪಿಸಿಕೊಳ್ಳಲು ಮಂದಾರ ಸ್ವಲ್ಪ ಹೊತ್ತು ಪ್ರಯತ್ನಿಸಿದಂತಿತ್ತು.

ಸುಲಭಾ ಪೆನ್ನು ಮತ್ತೆ ತೆರೆದಳು. ನಾಲ್ಕೂ ಉತ್ತರ ಸಿಕ್ಕಿದ ಮೇಲೆ ಅವಳ ಕೆಲಸಕ್ಕೆ ಹತ್ತು ನಿಮಿಷ ಸಾಕು. ತಾನು ಸೀಟು ಮಾರುವ ಪುಣೆಯ ಕಂಪನಿಯೊಂದರ ಹೆಂಗಸರ ತಂಡ ಡಿಸೆಂಬರ್ ಎರಡರಂದು ಅಂಡಮಾನಿಗೆ ಹೊರಡುತ್ತದೆ. ಇಪ್ಪತ್ನಾಲ್ಕು ಜನ, ಜೊತೆಗೆ ಮಂಜರಿ ಅನ್ನುವ ಟೂರ್ ಮ್ಯಾನೇಜರ್ ಪುಣೆಯಿಂದ ಪುಣೆಯವರೆಗೆ ಇರುತ್ತಾಳೆ. ಕೋಣೆ ಇನ್ನೊಬ್ಬರ ಜೊತೆ ಹಂಚಿಕೊಂಡರೆ ಎಂಬತ್ತರೊಳಗೆ ಆಗುತ್ತದೆ, ಒಂಟಿ ಕೋಣೆ ಬೇಕೆಂದರೆ ಹೆಚ್ಚು ಬೀಳುತ್ತದೆ. ದ್ವೀಪದಿಂದ ದ್ವೀಪಕ್ಕೆ ಹಡಗು. ಹವಾ ಕೆಟ್ಟರೆ ಹಡಗು ಬಿಡುವುದಿಲ್ಲ, ಆಗ ದಿನಗಳು ಹಿಂದುಮುಂದಾಗುತ್ತವೆ ಅಂತ ಅದನ್ನೂ ಮುಚ್ಚಿಡದೆ ಹೇಳಿದಳು.

"ಹಂಚ್ಕೋತೀನಿ," ಅಂದರು ಬೋರಮ್ಮ. "ಬಿಪಿ ಗುಳಗಿ ತಗೋತೀನಿ, ಅದನ್ನ ಬರಕೋರಿ."

"ಹೆಂಗಸರದಷ್ಟs ಏನು?" ಅಂತ ಸಿದ್ರಾಮಪ್ಪನವರು ಕೇಳಿದರು. "ಗಂಡಸರದ ಏನರ ಅದನೋ?"

"ಇರತಾವ್ರಿ. ನೀವು ತಾರೀಖ ಹೇಳ್ರಿ."

"ನೋಡೂಣು," ಅಂದರು ಸಿದ್ರಾಮಪ್ಪನವರು.

ಬುಕಿಂಗ್ ಅಷ್ಟು ಸರಳವಾಗಲಿಲ್ಲ. ಬೋರಮ್ಮನವರ ಆಧಾರ್ ಕಾರ್ಡಿನಲ್ಲಿ ಹೆಸರು ಬೋರವ್ವ ಅಂತಿತ್ತು. ವಿಮಾನದ ಟಿಕೆಟ್ಟಿನಲ್ಲಿ ಕಾರ್ಡಿನಲ್ಲಿರುವಂತೆಯೇ ಇರಬೇಕು ಅಂತ ಸುಲಭಾ ಹಾಗೆಯೇ ಮಾಡಿಸಿದಳು. ಭಾಮಾ ಅತ್ತೆಯನ್ನು ತಾನೇ ಕರೆದುಕೊಂಡು ಹೋಗಿ ಕಾಲಿಗೆ ಒಳ್ಳೆಯ ಚಪ್ಪಲಿ ಕೊಡಿಸಿ ತಂದಳು. ಆ ದಿನ ಅವಳು ಸುಲಭಾಳ ಆಫೀಸಿಗೂ ಬಂದು, ಮೂವತ್ತೈದು ವರ್ಷದವರೂ ಈ ತಂಡಗಳಲ್ಲಿ ಹೋಗಬಹುದೇ ಅಂತ ವಿಚಾರಿಸಿ ಹೋದಳು. ಕುಟುಂಬದ ಪ್ರವಾಸದ ಮಾತು ವಾಟ್ಸಪ್ ಗುಂಪಿನಲ್ಲಿ ಇನ್ನೂ ನಡೆದಿತ್ತು. ಅಡಿಗೆಯವರು ಇಲ್ಲ ಅಂತಾದ ಮೇಲೆ ಬಂಗಲೆಯ ಉತ್ಸಾಹ ಬಹಳ ಇಳಿದಿತ್ತಂತೆ.

ಡಿಸೆಂಬರ್ ಐದರಂದು ಮಧ್ಯಾಹ್ನ ಸಿದ್ರಾಮಪ್ಪನವರು ಆಫೀಸಿಗೆ ಫೋನ್ ಮಾಡಿದರು. ಹೆಂಡತಿಯ ಫೋನ್ ಸಿಗುತ್ತಿಲ್ಲ, ಮ್ಯಾನೇಜರ್ ಮಂಜರಿಯ ನಂಬರ್ ಬೇಕು.

"ಅದು ತುರ್ತಿದ್ರಷ್ಟs ಕೊಡೂದು ಸರ್. ಏನಾತು?"

"ಜೀರಗಿ ಡಬ್ಬಿ ಎಲ್ಲಿ ಇಟ್ಟಾಳ ಅಂತ ಕೇಳಬೇಕಿತ್ತು."

ಸುಲಭಾ, ಸಾಮಾನ್ಯವಾಗಿ ಸಾಸಿವೆಯ ಪಕ್ಕದಲ್ಲಿರುತ್ತದೆ ಅಂತ ಗಂಭೀರವಾಗಿ ಹೇಳಿದಳು. ಹುಡುಕುವ ಸದ್ದು, ಡಬ್ಬಿಗಳು ಉರುಳುವ ಸದ್ದು ಕೇಳಿತು. "ಸಿಕ್ಕತ್ರಿ," ಅಂದರು ಮುದುಕರು, ಅಂಡಮಾನನ್ನೇ ಕಂಡುಹಿಡಿದವರ ಹಾಗೆ.

ಬೋರಮ್ಮ ಆಫೀಸಿಗೆ ಬಂದದ್ದು ಮುಂದಿನ ವಾರ. ಮುಖ ಬಿಸಿಲಿಗೆ ಕಪ್ಪಾಗಿತ್ತು. ಸುಲಭಾ ಗಿರಾಕಿಗಳಿಂದ ಹೊಗಳಿಕೆ ಬರೆಸಿಕೊಳ್ಳುವ ಪುಸ್ತಕ ಮುಂದಿಟ್ಟಳು. ಅವರು ಅದನ್ನು ಬದಿಗೆ ಸರಿಸಿ ಬಾಯಿಯಲ್ಲೇ ವರದಿ ಒಪ್ಪಿಸಿದರು. ಜೊತೆಯಾಕೆ, ಸಾತಾರಾದವಳು, ಗೊರಕೆ ಹೊಡೆಯುತ್ತಾಳೆ. ಹಡಗಿನಲ್ಲಿ ಎರಡು ಸಲ ವಾಂತಿಯಾಯಿತು. ಸಮುದ್ರದಲ್ಲಿ ಮೊಣಕಾಲಿನವರೆಗೆ ನಿಂತು ಒಂದು ತಾಸು ಸುಮ್ಮನೆ ಇದ್ದೆ, ಯಾರೂ ಕರೆಯಲಿಲ್ಲ.

"ಊಟ ಹೆಂಗಿತ್ತ್ರಿ?"

"ಉಪ್ಪಿಟ್ಟು ಗಂಟುಗಂಟು. ಚಪಾತಿ ಒಣಗಿದ್ದು," ಅಂದರು. "ಆದರ ಏನೂ ಅನ್ನಲಿಲ್ಲ. ಯಾವಾಕಿ ಎದ್ದು ಮಾಡಿರತಾಳೋ."

ರಂಜಿನಿ ಎದುರಿನ ಅಂಗಡಿಯಿಂದ ಚಹಾ ತರಿಸಿದಳು. ಬೋರಮ್ಮ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಬಸಿಯಲ್ಲಿ ಸುರಿದುಕೊಂಡು, ಅವಸರವಿಲ್ಲದೆ ಕುಡಿದರು.