ಗುಬ್ಬಿಯ ಚೀಲ, ಅಮ್ಮನ ಖಾತೆ

ತಪ್ಪು ಒಂದೇ ಆದರೂ ಅದು ಅಪ್ಪಟ ಗುಬ್ಬಿಯ ತಪ್ಪು. ಅಮ್ಮನ ಟೈಲರ್ ಅಂಗಡಿಯಲ್ಲಿ ಉಳಿದ ಬಟ್ಟೆ ಚೂರುಗಳಿಂದ ಚೀಲ ಹೊಲಿದು ಮಾರೋಣವೆಂದು ಅವಳು ಫೋನಿನ ಆ್ಯಪ್ ಒಂದರಲ್ಲಿ ಖಾತೆ ತೆರೆದಳು. ಹದಿನೆಂಟು ತುಂಬಿದವರಿಗೆ ಮಾತ್ರ ಎಂದಿತ್ತು. ಹದಿನೈದರ ಈ ಜಾಣೆ ಅಮ್ಮನ ಹುಟ್ಟಿದ ದಿನಾಂಕ ತುಂಬಿ, ಪಕ್ಕದಲ್ಲಿ ಸಮವಸ್ತ್ರ ತೊಟ್ಟು ಎರಡು ಜಡೆ ಹಾಕಿದ್ದ ತನ್ನದೇ ಫೋಟೋ ಅಂಟಿಸಿಬಿಟ್ಟಳು.

ಪುಸ್ತಕದಂಗಡಿಯವರೊಬ್ಬರು ಒಂದು ರಾಶಿ ಚೀಲ ಕೇಳಿದರು. ಗುಬ್ಬಿ ಕುಣಿದಾಡುತ್ತಿರುವಾಗಲೇ ಆ್ಯಪ್‌ನವರು ವಯಸ್ಸಿನ ದಾಖಲೆ ಕೇಳಿ ಖಾತೆ ಮುಚ್ಚಿದರು. ಜೀವನದ ಮೊದಲ ಗಿರಾಕಿ ಕೈತಪ್ಪಿ ಹೋಗುವುದೆಂದರೆ ಸಣ್ಣ ಮಾತೇ? ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು.

ಅಮ್ಮ ಮೊದಲು ಬೈದಳು, ಆಮೇಲೆ ನಕ್ಕಳು, ಆಮೇಲೆ ಮತ್ತೆ ಬೈದಳು.

"ಎರಡು ಜಡೆ ಹಾಕ್ಕೊಂಡು ನಲವತ್ತೆರಡು ವರ್ಷ ಅಂತೀಯಲ್ಲೇ! ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು?"

ಮರುದಿನ ಅಮ್ಮ ಕಾರ್ಮಿಕ ಕಚೇರಿಗೆ ಹೋಗಿ, ಈ ವಯಸ್ಸಿನ ಮಗಳು ಹೊಲಿಯಬಹುದೇ ಎಂದು ವಿಚಾರಿಸಿಕೊಂಡು ಬಂದಳು, ತನ್ನ ಹೆಸರಲ್ಲೇ ಹೊಸ ಖಾತೆ ತೆರೆದು ಪುಸ್ತಕದಂಗಡಿಯವರಿಗೆ ಸುದ್ದಿ ಕಳಿಸಿದಳು. ಸಂಜೆ ಪುಸ್ತಕದಂಗಡಿಯವರು ಮಾದರಿ ನೋಡಲು ಬಂದರು. ಜಡೆಯ ಹುಡುಗಿಯನ್ನು ಕಂಡು ಬಾಗಿಲಲ್ಲೇ ನಿಂತರು.

"ಇವಳಾ ಹೊಲಿಯೋದು? ಮಕ್ಕಳ ಕೈಲಿ ದುಡಿಸಿದೆ ಅಂತ ನಾಳೆ ನನ್ನ ತಲೆಗೆ ಬಂದ್ರೆ? ಬೇಡಮ್ಮಾ."

ಗುಬ್ಬಿ ಕೈಲಿದ್ದ ಸೂಜಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಕೂತ್ಕೊಳ್ಳಿ ಸಾರ್," ಎಂದಳು ಅಮ್ಮ. "ಆರ್ಡರ್ ನನ್ನ ಅಂಗಡಿದು, ಬಿಲ್ಲೂ ನನ್ನ ಹೆಸರಲ್ಲೇ. ಮನೆಯವರದೇ ಅಂಗಡಿ, ಸ್ಕೂಲ್ ಬಿಟ್ಟ ಮೇಲೆ, ಅಪಾಯ ಇಲ್ಲದ ಕೆಲಸ, ಓದಿಗೆ ತೊಂದ್ರೆ ಆಗದಿದ್ರೆ ಅಡ್ಡಿಯಿಲ್ಲ ಅಂದಿದಾರೆ ಕಚೇರಿಲಿ. ಬೇಕಿದ್ರೆ ನೀವೇ ಕೇಳಿ. ಮೋಟಾರ್ ಮಷಿನ್ ನಂದು, ಕೈಹೊಲಿಗೆ ಅವಳದ್ದು. ಕತ್ತಲಾಗೋ ಮುಂಚೆ ಕೆಲಸ ಬಿಟ್ಟು ಏಳ್ತಾಳೆ. ಪರೀಕ್ಷೆ ವಾರ ಸೂಜಿ ಮುಟ್ಟಲ್ಲ."

"ನನಗೆ ಬೇಕಾಗಿರೋದೇ ಆ ವಾರ!"

"ಕೊಡ್ತೀವಿ," ಎಂದಳು ಅಮ್ಮ, ಕಣ್ಣು ಮಿಟುಕಿಸದೆ.

ಅವರು ತಲೆ ಕೆರೆದುಕೊಂಡು ಒಪ್ಪಿದರು.

ಅಲ್ಲಿಂದ ಗುಬ್ಬಿಯ ಪಾಡು ಯಾರಿಗೂ ಬೇಡ. ಪ್ರತಿ ಚೀಲದ ಮೂಲೆಯಲ್ಲೂ ಅವಳು ಒಂದು ಪುಟ್ಟ ಹಕ್ಕಿಯ ಕಸೂತಿ ಹಾಕಬೇಕು. ಎಳೆ ಒಂದು ಕೂದಲಷ್ಟು ಸೊಟ್ಟಗಾದರೂ ಅಮ್ಮ ಕನ್ನಡಕ ಏರಿಸಿ, "ಬಿಚ್ಚು. ಮತ್ತೆ ಹಾಕು," ಅನ್ನುತ್ತಿದ್ದಳು. ಗುಬ್ಬಿ ಹಲ್ಲು ಕಚ್ಚಿಕೊಂಡು ಬಿಚ್ಚುತ್ತಿದ್ದಳು. ದಿನಕಳೆದಂತೆ ಹಕ್ಕಿಗಳು ನಿಜಕ್ಕೂ ಚೆಂದವಾದವು, ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು.

ಪರೀಕ್ಷೆ ಬಂತು. ಕೆಲವು ಚೀಲಗಳಿಗೆ ಹಕ್ಕಿ ಕೂರಿಸುವುದು ಬಾಕಿಯಿತ್ತು. ಕೊಟ್ಟ ಮಾತಿನಂತೆ ಅಮ್ಮ ಮಗಳ ಕೈಯಿಂದ ಸೂಜಿ ಕಿತ್ತುಕೊಂಡು ತಾನೇ ಕೂತಳು. ವರ್ಷಗಟ್ಟಲೆ ಮಷಿನ್‌ನಲ್ಲೇ ಹೊಲಿದ ಕೈಗೆ ಕಸೂತಿ ಮರೆತೇಹೋಗಿತ್ತು. ಎದುರು ಗೋಡೆಗೊರಗಿ ಇತಿಹಾಸ ಓದುತ್ತಿದ್ದ ಗುಬ್ಬಿ ಪುಸ್ತಕದ ಮೇಲಿಂದ ಇಣುಕಿದಳು.

"ಅಮ್ಮಾ, ಅದು ಹಕ್ಕಿನಾ ಎಮ್ಮೆನಾ? ಬಿಚ್ಚು. ಮತ್ತೆ ಹಾಕು."

"ಈ ವಾರ ನೀನು ಕೆಲಸ ಮಾಡೋ ಹಾಗಿಲ್ಲ, ನೆನಪಿರ್ಲಿ!"

"ಕೆಲಸ ಎಲ್ಲಿ ಮಾಡ್ತಿದೀನಿ? ಮೇಲ್ವಿಚಾರಣೆ ಅಷ್ಟೆ."

ಅಮ್ಮ ದುರುಗುಟ್ಟಿ ನೋಡಿದಳು. ನಗು ತಡೆಯಲಾಗದೆ ತಲೆ ತಗ್ಗಿಸಿ, ಎಮ್ಮೆಯನ್ನು ಬಿಚ್ಚತೊಡಗಿದಳು.