ಅಳಲು ಬಾರದ ಅಕ್ಷರ

ಹುಟ್ಟುಹಬ್ಬದ ಅಕ್ಷರ ಕೂತಲ್ಲಿ ಕೂರಬಾರದು. ಇದನ್ನು ಆ ಹೆಂಗಸಿಗೆ ಮೂರನೇ ಸಲ ಹೇಳುತ್ತಿದ್ದೆ. ಮಗನಿಗೆ ಐದು ತುಂಬುತ್ತದಂತೆ. ಆಹ್ವಾನ ಪತ್ರಿಕೆಗೆ ಆಕೆ ಆರಿಸಿದ್ದು ಸಪೂರವಾದ, ಬಾಲ ಬಳುಕಿಸುವ ಮದುವೆ ಅಕ್ಷರ.

"ಇದೇ ಗ್ರ್ಯಾಂಡಾಗಿದೆ" ಎಂದಳು.

"ಗ್ರ್ಯಾಂಡಾಗೇನೋ ಇದೆ. ಆದ್ರೆ ಓದಿದೋರು ಹುಡುಗಿ ಯಾರು ಅಂತ ಕೇಳ್ತಾರೆ" ಎಂದೆ.

ದುಂಡಗಿನ, ದಪ್ಪನೆಯ, ಚೂಪು ಮೂಲೆಯೇ ಇಲ್ಲದ ಫಾಂಟ್ ಹಾಕಿದೆ. ಒಂದಕ್ಷರ ಮೇಲೆ, ಒಂದಕ್ಷರ ಕೆಳಗೆ ಕುಣಿಯುವಂತೆ ಜೋಡಿಸಿ ಪ್ರಿಂಟ್ ತೆಗೆದು ಕೈಗಿಟ್ಟೆ. ಆಕೆ ಮುಖ ಊದಿಸಿಕೊಂಡೇ ಒಪ್ಪಿದಳು, ಹೋಗುವಾಗ ನನ್ನ ನಾಲಿಗೆಯ ಬಗ್ಗೆ ಅಂಗಡಿ ಯಜಮಾನರಿಗೆ ದೂರು ಕೊಟ್ಟೇ ಹೋದಳು. ಹನ್ನೊಂದು ವರ್ಷದಿಂದ ಈ ಡಿಟಿಪಿ ಅಂಗಡಿಯಲ್ಲಿ ಅಕ್ಷರ ಜೋಡಿಸುತ್ತಿದ್ದೇನೆ. ದೂರು ಹೊಸದೇನಲ್ಲ.

ಆಕೆ ಇಳಿದುಹೋದ ಮೆಟ್ಟಿಲಿನಲ್ಲೇ ನಮ್ಮಣ್ಣ ಹತ್ತಿ ಬಂದ.

ನಾನು ಇಲ್ಲಿದ್ದೇನೆಂದು ಅವನಿಗೆ ಗೊತ್ತು. ಈ ಕಡೆ ಪತ್ರಿಕೆಗೆ ಜಾಹೀರಾತು ತೆಗೆದುಕೊಳ್ಳುವುದು ನಮ್ಮ ಅಂಗಡಿಯೊಂದೇ, ಇಲ್ಲದಿದ್ದರೆ ಅವನು ಈ ರಸ್ತೆಗೂ ಕಾಲಿಡುತ್ತಿರಲಿಲ್ಲ. ಅಪ್ಪನಿಗೆ ಬೇಡದವನನ್ನು ಮದುವೆಯಾದೆನೆಂದು ನನ್ನ ಪೆಟ್ಟಿಗೆಯನ್ನು ಬೀದಿಗೆ ತಂದಿಟ್ಟವನು ಇವನೇ. ಇಡು ಎಂದು ಹೇಳಿದ್ದು ಅಪ್ಪ. ಅಂದಿನಿಂದ ಆ ಮನೆಯವರಿಗೂ ನನಗೂ ಮಾತಿಲ್ಲ.

ಅವನು ನನ್ನ ಕಡೆ ನೋಡಲೇ ಇಲ್ಲ. ಯಜಮಾನರ ಕೈಗೆ ಒಂದು ಹಾಳೆ, ಒಂದು ಫೋಟೋ ಕೊಟ್ಟ. "ನಾಳೆ ಪೇಪರಲ್ಲಿ ಬರ್ಬೇಕು" ಎಂದ. ಪಾಪ, ಯಜಮಾನರಿಗೆ ನಮ್ಮ ಕಥೆಯೇನೂ ಗೊತ್ತಿಲ್ಲ. "ನಾಲ್ಕು ಗಂಟೆ ಒಳಗೆ ಕಳಿಸ್ಬೇಕಮ್ಮ, ಬೇಗ ಮಾಡು" ಎಂದು ಎರಡನ್ನೂ ನನ್ನ ಕೀಬೋರ್ಡಿನ ಮೇಲಿಟ್ಟರು.

ಫೋಟೋದಲ್ಲಿ ಅಪ್ಪ ಇದ್ದ.

ಅಪ್ಪ ಸತ್ತದ್ದು ನನಗೆ ತಿಳಿದದ್ದು ಹೀಗೆ. ಹಾಳೆಯನ್ನು ಓದಿದೆ. ನಿಧನ ಇಂದು ಬೆಳಿಗ್ಗೆ, ಅಂತ್ಯಕ್ರಿಯೆ ನಾಳೆ ಮಧ್ಯಾಹ್ನ ಮೂರು ಗಂಟೆಗೆ. ದುಃಖತಪ್ತರು: ಪತ್ನಿ, ಮಗ, ಸೊಸೆ, ಮೊಮ್ಮಕ್ಕಳು. ಮತ್ತೆ ಮೇಲಿನಿಂದ ಓದಿದೆ. ಮಗಳು ಎಲ್ಲೂ ಇರಲಿಲ್ಲ.

ನನಗೆ ಕೋಪ ಬಂತು. ಅಪ್ಪ ಹೋದನೆಂದಲ್ಲ, ಆ ಪಟ್ಟಿಯನ್ನು ನನ್ನ ಕೈಯಲ್ಲೇ ಟೈಪು ಮಾಡಿಸುತ್ತಿದ್ದಾರಲ್ಲ ಎಂದು. ಆಗಲಿ, ನನ್ನ ಕೈಯಲ್ಲೂ ಒಂದು ಆಯುಧವಿದೆ ಎಂದುಕೊಂಡೆ. ಹರಾಜು ಪ್ರಕಟಣೆಗೆ, ಟೆಂಡರಿಗೆ, ಸಾಲ ಕಟ್ಟದವರ ಮನೆ ಜಪ್ತಿ ನೋಟೀಸಿಗೆ ಅಂತಲೇ ನಾವು ಇಟ್ಟುಕೊಂಡಿರುವ ಫಾಂಟ್ ಒಂದಿದೆ. ಬಿಗಿಯಾಗಿ, ಚೌಕಾಚೌಕವಾಗಿ, ಒಂದಕ್ಷರದ ಭುಜಕ್ಕೆ ಇನ್ನೊಂದರ ಭುಜ ತಾಗಿಸಿ ನಿಲ್ಲುತ್ತದೆ. ಆ ಫಾಂಟಿಗೆ ಅಳಲು ಬರುವುದಿಲ್ಲ. ಅಪ್ಪನನ್ನು ಪೂರ್ತಿ ಅದರಲ್ಲೇ ಹಾಕಿದೆ. ಸಾಲುಗಳನ್ನು ಒತ್ತಿದೆ, ಸುತ್ತ ದಪ್ಪ ಕರಿಗೆರೆ ಎಳೆದೆ. ಓದಿದ ಒಬ್ಬನೂ ಅಯ್ಯೋ ಅನ್ನಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು.

ಪ್ರೂಫ್ ಕೊಟ್ಟೆ. ಅಣ್ಣ ಓದಿ ತಲೆಯಾಡಿಸಿದ.

"ಚೆನ್ನಾಗಿದೆ. ಗತ್ತಿದೆ, ಅಪ್ಪನ ಥರಾನೇ ಇದೆ" ಎಂದ, ಯಜಮಾನರಿಗೆ. "ನನ್ನ ಹೆಸರು ಮಾತ್ರ ಇನ್ನೂ ಸ್ವಲ್ಪ ದಪ್ಪ ಮಾಡೋಕೆ ಹೇಳಿ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಾನು ಬೈಗುಳವೆಂದು ಕೊಟ್ಟದ್ದನ್ನು ಇವನು ಹೊಗಳಿಕೆಯೆಂದು ಮಡಚಿ ಜೇಬಿಗಿಡುತ್ತಿದ್ದಾನೆ. ಅಪ್ಪ ಹೀಗೇ ಇದ್ದ ಎನ್ನುವುದೇನೋ ನಿಜ. ಆದರೆ ಹುಟ್ಟುಹಬ್ಬದ ಅಕ್ಷರಕ್ಕೆ ಮಗುವಿನ ಸ್ವಭಾವ ಬೇಕು, ಸಾವಿನ ಅಕ್ಷರಕ್ಕೆ ಸತ್ತವರ ಸ್ವಭಾವ ಬೇಡ. ಅದಕ್ಕೆ ಉಳಿದವರ ಮನಸ್ಸು ಬೇಕು. ಇದು ನನ್ನ ಕೆಲಸ, ಇದನ್ನು ನಾನು ಬಲ್ಲೆ. ಬಲ್ಲವಳು ಹಟಕ್ಕೆ ಬಿದ್ದು ಕೆಟ್ಟ ಕೆಲಸ ಮಾಡಿದ್ದೆ.

ಅಷ್ಟರಲ್ಲಿ ಅಮ್ಮ ಮೆಟ್ಟಿಲು ಹತ್ತಿ ಬಂದಳು. ಆಸ್ಪತ್ರೆಯಿಂದ ನೇರ ಬಂದು ಕೆಳಗೆ ಕಾರಿನಲ್ಲಿ ಕೂತಿದ್ದಳಂತೆ. ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತಳು. ನನ್ನನ್ನು ಒಮ್ಮೆ ನೋಡಿ ಕಣ್ಣು ತೆಗೆದಳು. ಅಣ್ಣ ಪ್ರೂಫನ್ನು ಅವಳ ಮುಂದೆ ಹಿಡಿದ. ಕನ್ನಡಕ ಇರಲಿಲ್ಲ, ಓದಲು ಆಗುವಂತಿರಲಿಲ್ಲ, ಬರೀ ನೋಡಿದಳು.

"ಇದೇನೋ ಇದು, ಮನೆ ಜಪ್ತಿಗೆ ಬಂದೋರ ನೋಟೀಸಿದ್ದ ಹಾಗಿದೆ."

"ಗತ್ತಾಗಿದೆಯಲ್ಲಮ್ಮ."

"ಗತ್ತು ಕಟ್ಕೊಂಡೇ ಹೋದ್ರಲ್ಲಪ್ಪ, ಸಾಕು. ಸರಿಯಾಗಿ ಮಾಡು ಅಂತ ಹೇಳು ಅವಳಿಗೆ. ಬರುತ್ತಲ್ಲ ಅವಳಿಗೆ ಕೆಲಸ."

ಎರಡು ಮಾರು ದೂರದಲ್ಲಿ ಕೂತವಳಿಗೆ ಮಗನ ಮೂಲಕ ಹೇಳಿಕಳಿಸುತ್ತಾಳೆ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಎಲ್ಲವನ್ನೂ ಅಳಿಸಿದೆ. ಪುಸ್ತಕದ ಒಳಪುಟಗಳಿಗೆ ಹಾಕುವ ಸಪೂರ ಅಕ್ಷರ ತೆಗೆದುಕೊಂಡೆ. ಅದರ ಗೆರೆ ತಿರುವಿನಲ್ಲಿ ತೆಳುವಾಗಿ ಮತ್ತೆ ತುಂಬಿಕೊಳ್ಳುತ್ತದೆ, ಕೂಗುವುದಿಲ್ಲ. ತೀರಾ ತೆಳುವಾದದ್ದೂ ಆಗದು, ಪತ್ರಿಕೆಯ ಒರಟು ಕಾಗದದಲ್ಲಿ ಎಳೆಗಳು ಹಾರಿಹೋಗುತ್ತವೆ. ದಪ್ಪವಾದರೆ ಮಸಿ ಹರಡಿ ಒತ್ತಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ. ನಡುವಿನ ತೂಕ ಹಿಡಿದೆ. ಅಪ್ಪನ ಹೆಸರಿಗೆ ಮಾತ್ರ ಗಾತ್ರ ಎರಡು ಪಾಯಿಂಟ್ ಹೆಚ್ಚು. ಸಾಲುಗಳ ನಡುವೆ ಉಸಿರಾಡಲು ಜಾಗ ಕೊಟ್ಟೆ, ಕರಿಗೆರೆಯನ್ನು ಕೂದಲೆಳೆಯಷ್ಟು ಮಾಡಿದೆ. ಬೆರಳುಗಳು ತಾವಾಗಿಯೇ ಓಡಾಡುತ್ತಿದ್ದವು. ಕೋಪ ಹಾಗೇ ಇತ್ತು, ಕೈ ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ.

ಹೊಸ ಪ್ರೂಫನ್ನು ಈ ಸಲ ನೇರವಾಗಿ ಅಮ್ಮನ ಮಡಿಲಿಗಿಟ್ಟೆ. ಬಹಳ ಹೊತ್ತು ಹಿಡಿದುಕೊಂಡು ಕೂತಳು. ಆಸ್ಪತ್ರೆಯಲ್ಲಿ ಅತ್ತಿದ್ದಳೋ ಇಲ್ಲವೋ ಗೊತ್ತಿಲ್ಲ, ಇಲ್ಲಿ ಅತ್ತಳು.

"ಕೆಳಗೆ ಒಂದು ಸಾಲು ಜಾಗ ಖಾಲಿ ಇದೆ" ಎಂದ ಅಣ್ಣ. "ಇಷ್ಟೂ ಜಾಗಕ್ಕೆ ದುಡ್ಡು ಕೊಡ್ತಿದ್ದೀವಿ. ನಮ್ಮ ಕಂಪನಿ ಹೆಸರು ಹಾಕ್ಲಿ."

"ಸತ್ತಿದ್ದು ನಿನ್ನ ಕಂಪನಿನಾ?" ಎಂದಳು ಅಮ್ಮ. ಮೂಗು ಒರೆಸಿಕೊಂಡಳು. "ಮಗಳು ಅಂತ ಬರೀಲಿ. ಮಗಳನ್ನ ಬಿಟ್ಟಿದ್ದಾರೆ ಅಂತ ನಾಳೆ ಜನ ಆಡ್ಕೊಳ್ಳೋದು ಬೇಡ."

ಜನ ಆಡಿಕೊಳ್ಳುತ್ತಾರೆ ಅಂತ. ನನಗಾಗಿ ಅಲ್ಲ. ಬೇಡ ಎಂದುಬಿಡಲೇ ಎನಿಸಿತು. ಅಷ್ಟರಲ್ಲಿ ಬೆರಳು ಆ ಪದವನ್ನು 'ಮಗ'ನ ಕೆಳಗೆ ಕೂರಿಸಿಯಾಗಿತ್ತು.

ಅಣ್ಣ ಮೊದಲ ಸಲ ಸೀದಾ ನನ್ನ ಹತ್ತಿರ ಬಂದು ಪರದೆಗೆ ಬೆರಳಿಟ್ಟ. "ಅಮ್ಮ ಹೇಳಿದ್ಲು ಅಂತ ಇರ್ಲಿ. ಸಣ್ಣದು ಮಾಡು ಅದನ್ನ. ನಂದು ದೊಡ್ಡದು ಮಾಡು ಅಂತ ಆಗ್ಲೇ ಹೇಳಿದ್ದೆ."

"ಬೆರಳು ತೆಗಿ, ಗಾಜಿನ ಮೇಲೆ ಕಲೆ ಆಗುತ್ತೆ" ಎಂದೆ. "ಸಾವಿನ ನೋಟೀಸಲ್ಲಿ ದೊಡ್ಡಕ್ಷರ ಸತ್ತೋರಿಗೆ ಮಾತ್ರ. ಬದುಕಿರೋರೆಲ್ಲ ಒಂದೇ ಸೈಜು. ನಿನಗೆ ದೊಡ್ಡದೇ ಬೇಕು ಅಂದ್ರೆ ಹೇಳು, ಮೇಲೆ ಅಪ್ಪನ ಸಾಲಿಗೆ ಹಾಕ್ತೀನಿ."

ಯಜಮಾನರು ಕೆಮ್ಮಿ ಆಚೆ ತಿರುಗಿದರು. ಅಣ್ಣನ ಮುಖ ಕಪ್ಪಿಟ್ಟಿತು. ಪ್ರೂಫಿನ ಮೇಲೆ ಕಾಗದ ಹರಿಯುವ ಹಾಗೆ ಸಹಿ ಗೀಚಿ, ಅಮ್ಮನನ್ನೂ ಬಿಟ್ಟು ಧಡಧಡ ಇಳಿದುಹೋದ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನಾನು ಪತ್ರಿಕೆಗೆ ಕಳಿಸಿದೆ.

ಅಮ್ಮ ಗೋಡೆ ಹಿಡಿದು ಎದ್ದಳು. ನಾನು ಕೈ ಕೊಡಲಿಲ್ಲ, ಅವಳು ಕೇಳಲೂ ಇಲ್ಲ. ಬಾಗಿಲಲ್ಲಿ ನಿಂತು, ಯಜಮಾನರ ಕಡೆ ಮುಖ ಮಾಡಿ ಹೇಳಿದಳು.

"ನಾಳೆ ಮೂರು ಗಂಟೆಗೆ ಅಂತ ಅದರಲ್ಲಿ ಬರೆದಿದೆ. ಓದಿದೋರು ಬರಬಹುದು."

ತಪ್ಪಿಲ್ಲವೆಂದು ಖಾತ್ರಿಯಾಗಲು ನಾನು ಅದನ್ನು ನಾಲ್ಕು ಸಲ ಓದಿದ್ದೆ.