ಮೊದಲ ಹಂತ ಎಲ್ಲಿ ಹೋಯಿತು?

ಮೊಬೈಲ್ ಆಟ ಬಿಡುಗಡೆಯಾಗಿ ನಾಲ್ಕು ಗಂಟೆಯೂ ಆಗಿರಲಿಲ್ಲ, ಆಗಲೇ ಒಂದೇ ನಕ್ಷತ್ರದ ಬೈಗುಳಗಳು ಸಾಲುಗಟ್ಟಿದ್ದವು. "ಇನ್‌ಸ್ಟಾಲ್ ಆಯ್ತು, ತೆರೆದ್ರೆ ಬರೀ ಚಕ್ರ ತಿರುಗುತ್ತೆ" ಎಂಬುದೇ ಎಲ್ಲರ ಗೋಳು. ಕಂಪನಿಯ ಸಾಹೇಬರು ಆಟ ಪರೀಕ್ಷಿಸುವ ಟೆಸ್ಟರ್ ಹುಡುಗಿಯನ್ನು ಕರೆದು ಒಂದು ಕಾಗದವನ್ನು ಅವಳ ಮುಂದೆ ತಳ್ಳಿದರು. ಪರೀಕ್ಷೆಯಲ್ಲಿ ಲೋಪ ತನ್ನದೇ ಎಂದು ಅವಳು ಸಹಿ ಮಾಡಬೇಕಿತ್ತು. ಮಾಡಿದರೆ ಕೆಲಸ ಹೋದಂತೆಯೇ.

ಅವಳಿಗೆ ಆಫೀಸಿನಲ್ಲಿ ಜರಡಿ ಎಂದೇ ಅಡ್ಡಹೆಸರು. ಅವಳ ಕಣ್ಣು ತಪ್ಪಿಸಿ ಒಂದು ಹೊಟ್ಟೂ ಜಾರುತ್ತಿರಲಿಲ್ಲ. ಕಾಗದ ಓದಿದ ಜರಡಿಗೆ ಮೈಯೆಲ್ಲ ಉರಿದುಹೋಯಿತು. ತಾನು ತಿಂದು ಮೇಕೆ ಬಾಯಿಗೆ ಒರೆಸುವ ಕೋತಿಗಾದರೂ ಸ್ವಲ್ಪ ನಾಚಿಕೆ ಇದ್ದೀತು!

ಮೊದಲ ಹಂತದ ಚಿತ್ರ, ಸದ್ದುಗಳ ಪ್ಯಾಕ್ ಮೊದಲು ಇನ್‌ಸ್ಟಾಲ್ ಜೊತೆಗೇ ಬರುತ್ತಿತ್ತು. ಆ್ಯಪ್ ಅಂಗಡಿಯ ಪುಟದಲ್ಲಿ ಗಾತ್ರ ದೊಡ್ಡದಾಗಿ ಕಂಡರೆ ಜನ ಹಿಂದೆ ಸರಿಯುತ್ತಾರೆಂದು ಸಾಹೇಬರು ಬುಧವಾರ ಅದನ್ನು 'ಕೇಳಿದಾಗ ಮಾತ್ರ ಇಳಿಯುವ' ಪ್ಯಾಕ್‌ಗಳ ಸಾಲಿಗೆ ಸೇರಿಸಿದ್ದರು. ಗಾತ್ರ ತೊಂಬತ್ತು ಎಂಬಿಗೆ ಇಳಿಯಿತು. ಉಳಿದ ಮುನ್ನೂರು ಎಂಬಿ ಆಟ ತೆರೆದ ಮೇಲೆ ಬರಬೇಕು. ಅಷ್ಟು ದೊಡ್ಡದನ್ನು ಮೊಬೈಲ್ ಡೇಟಾದಲ್ಲಿ ಇಳಿಸಲು ಅಂಗಡಿಗೆ ಆಟಗಾರನ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಪರದೆಯನ್ನು ಆಟದಲ್ಲಿ ಯಾರೂ ಬರೆದಿರಲಿಲ್ಲ. ಹಾಗಾಗಿ ಪ್ಯಾಕ್ ವೈಫೈಗೆ ಕಾಯುತ್ತ ಕೂತಿತ್ತು.

ಆಫೀಸಿನಲ್ಲಿ ಸೊಗಸಾಗಿ ಓಡಿತ್ತು, ಯಾಕೆಂದರೆ ಇಲ್ಲಿನ ಟೆಸ್ಟ್ ಫೋನ್‌ಗಳಿಗೆ ಸಿಮ್ಮೇ ಇಲ್ಲ, ಎಲ್ಲವೂ ವೈಫೈಯಲ್ಲೇ. ಗುರುವಾರ ಜರಡಿ ಒಂದು ಸಿಮ್ ಕೇಳಿದ್ದಳು. "ವೈಫೈ ಇದೆಯಲ್ಲಮ್ಮ, ಸಿಮ್ ಯಾಕೆ?" ಎಂದು ನಕ್ಕವರು ಇದೇ ಸಾಹೇಬರು.

"ನಿಮ್ಮ ಫೋನ್ ಕೊಡಿ ಸರ್," ಎಂದು ಜರಡಿ ಈಗ ಕೈ ಚಾಚಿದಳು.

"ಯಾಕೆ?"

"ಕೊಡಿ ಸರ್. ಕಚ್ಚೋದಿಲ್ಲ."

ಅವರೆದುರೇ ಆಟ ತೆಗೆದುಹಾಕಿದಳು; ಅದರ ಜೊತೆ ಇಳಿದಿದ್ದ ಪ್ಯಾಕ್‌ಗಳೂ ಹೋದವು. ವೈಫೈ ಆಫ್ ಮಾಡಿ, ಅಂಗಡಿಯಿಂದ ಮತ್ತೆ ಇಳಿಸಿ, ತೆರೆದು ಮೇಜಿನ ನಡುವೆ ಇಟ್ಟಳು. ಚಕ್ರ ತಿರುಗಿತು. ಶೇಕಡಾ ಸೊನ್ನೆ. ಪಕ್ಕದ ಮೇಜಿನಿಂದ ಚಿತ್ರಗಾರಣ್ಣ ಎದ್ದು ಬಂದ. ಆ ಹಂತದ ಒಂದೊಂದು ಎಲೆಯನ್ನೂ ಬಿಡಿಸಲು ಅವನಿಗೆ ವರ್ಷ ಹಿಡಿದಿತ್ತು.

ಐದು ನಿಮಿಷವಾದರೂ ಸೊನ್ನೆ.

"ವೈಫೈ ಹಾಕಮ್ಮ, ಬರುತ್ತೆ," ಎಂದರು ಸಾಹೇಬರು, ದನಿ ತಗ್ಗಿಸಿ.

"ಬಸ್ಸಲ್ಲಿ ಕೂತು ನಮ್ಮಾಟ ತೆರೆದಿರೋರಿಗೂ ಹೀಗೇ ಹೇಳ್ತೀರಾ? ಮೊದಲ ಹಂತನ ಇನ್‌ಸ್ಟಾಲ್ ಜೊತೆಗೇ ವಾಪಸ್ ಹಾಕಿಸಿ. ಮುಂದಿನ ಹಂತಗಳು ಬೇಕಾದಾಗ ಇಳೀಲಿ, ಎಷ್ಟು ಎಂಬಿ ಅಂತ ಮೊದಲೇ ಹೇಳಿ ಒಪ್ಪಿಗೆ ಕೇಳಲಿ. ಬುಧವಾರ ಈ ಪ್ಯಾಕ್ ಯಾರು ಬದಲಾಯಿಸಿದ್ರು ಅನ್ನೋದು ಬದಲಾವಣೆಗಳ ಪಟ್ಟಿಯಲ್ಲಿ ಹೆಸರು ಸಮೇತ ಇದೆ ಸರ್."

ಸಾಹೇಬರು ಕಾಗದವನ್ನು ಎಳೆದುಕೊಂಡು ಹರಿಯಲು ಹೋದರು. ಜರಡಿ ಅದರ ಮೇಲೆ ಅಂಗೈ ಊರಿದಳು.

"ಹರೀಬೇಡಿ. ಚೆನ್ನಾಗೇ ಬರೆದಿದ್ದೀರಿ. ಹೆಸರೊಂದು ತಿದ್ದಿ, ನೀವೇ ಸಹಿ ಹಾಕಿ."

ಚಿತ್ರಗಾರಣ್ಣ ತನ್ನ ಜೇಬಿನ ಪೆನ್ನು ತೆಗೆದು ಸಾಹೇಬರ ಮುಂದೆ ಇಟ್ಟ.